ಡಿಸ್ಕ್ ತುಂಬಿ ಡೇಟಾಬೇಸ್ ನಿಂತ ಮೇಲೆ: ಆಡಳಿತಕ್ಕೆ ಕೊಡುವ ವರದಿಯನ್ನು ಬರೆಯುವ ಬಗೆ

"ಡಿಸ್ಕ್ ತುಂಬಿತ್ತು, ಜಾಗ ಮಾಡಿದೆವು, ಈಗ ಎಲ್ಲ ಸರಿಯಾಗಿದೆ." ಡೇಟಾಬೇಸ್ ನಿಂತ ಮರುದಿನ ಬಹಳಷ್ಟು ಕಡೆ ಆಡಳಿತಕ್ಕೆ ಹೋಗುವ ವರದಿ ಇಷ್ಟೇ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಡಿಸ್ಕ್ ತುಂಬಿದ್ದು ಕಾರಣವಲ್ಲ, ಅದು ಪರಿಣಾಮ. ಯಾವುದು ತುಂಬಿಸಿತು, ತುಂಬುತ್ತಿರುವುದು ಮೊದಲೇ ಯಾಕೆ ಕಾಣಲಿಲ್ಲ, ನಿಂತ ಮೇಲೆ ಎಬ್ಬಿಸಲು ಅಷ್ಟು ಹೊತ್ತು ಯಾಕೆ ಬೇಕಾಯಿತು, ಲೆಕ್ಕ ಏನಾದರೂ ಹೋಯಿತೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮಾತ್ರ ವರದಿ ಪೂರ್ತಿಯಾಗುತ್ತದೆ.

ಇವುಗಳಿಗೆ ಉತ್ತರ ಹುಡುಕಿ ಬರೆಯುವ ಕ್ರಮವನ್ನು ಇಲ್ಲಿ ಒಂದೇ ಪ್ರಕರಣ ಹಿಡಿದು ತೋರಿಸಿದೆ. ಪ್ರಕರಣ ಉದಾಹರಣೆಗಾಗಿ ಕಟ್ಟಿದ್ದು. ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವ ಯಾವ ಕಚೇರಿಯಲ್ಲಾದರೂ ಹೀಗೆಯೇ ನಡೆಯಬಹುದು.

## ಪ್ರಕರಣ

ಕಲಬುರಗಿಯ ಒಂದು ದಾಲ್ ಮಿಲ್. ಜನವರಿ, ತೊಗರಿ ರಾಶಿಯ ಕಾಲ. ಬಾಗಿಲಲ್ಲಿ ಟ್ರ್ಯಾಕ್ಟರುಗಳ ಸಾಲು. ಕಾಂಟಾದ ಮೇಲೆ ಗಾಡಿ ಏರಿದ ಕೂಡಲೇ ತೂಕ ಡೇಟಾಬೇಸಿಗೆ ಹೋಗುತ್ತದೆ, ಚೀಟಿ ಪ್ರಿಂಟ್ ಆಗುತ್ತದೆ, ಆಮೇಲೆ ಅದೇ ಲೆಕ್ಕದಿಂದ ರೈತನ ಪಟ್ಟಿ ತಯಾರಾಗುತ್ತದೆ. ಮುಖ್ಯ ಸರ್ವರ್ ಕಲಬುರಗಿಯದು, ಬಾಡಿಗೆಗೆ ಪಡೆದ ವರ್ಚುವಲ್ ಯಂತ್ರ. ಅದರ ನಕಲು ಸರ್ವರ್, ಅಂದರೆ ಸ್ಟ್ಯಾಂಡ್‌ಬೈ, ಬೀದರ್ ಶಾಖೆಯಲ್ಲಿದೆ. ಮುಖ್ಯ ಸರ್ವರಿನಲ್ಲಿ ಡೇಟಾಗೆಂದೇ 100 ಜಿಬಿಯ ಪ್ರತ್ಯೇಕ ಡಿಸ್ಕ್ ಇದೆ.

ಜನವರಿ 5, ಸೋಮವಾರ ಸಂಜೆ, ಬೀದರಿನಲ್ಲಿ ಯುಪಿಎಸ್ ಬ್ಯಾಟರಿ ಬದಲಿಸಲು ಸ್ಟ್ಯಾಂಡ್‌ಬೈ ಸರ್ವರ್ ಆರಿಸಿದರು. ಬ್ಯಾಟರಿ ಬದಲಾಯಿತು, ಸರ್ವರನ್ನು ಮತ್ತೆ ಹಚ್ಚುವುದು ಉಳಿಯಿತು. ಆ ಸರ್ವರಿನ ಮೇಲೆ ದಿನನಿತ್ಯ ಯಾರೂ ಕೆಲಸ ಮಾಡುವುದಿಲ್ಲ, ಹಾಗಾಗಿ ಅದು ನಿಂತದ್ದು ಯಾರಿಗೂ ತಟ್ಟಲಿಲ್ಲ. ಜನವರಿ 13, ಮಂಗಳವಾರ ಬೆಳಿಗ್ಗೆ 10:42ಕ್ಕೆ ಕಲಬುರಗಿಯ ಮುಖ್ಯ ಡೇಟಾಬೇಸ್ ನಿಂತಿತು.

ಬೀದರಿನ ಯಂತ್ರ ಆರಿದರೆ ಕಲಬುರಗಿಯ ಡಿಸ್ಕ್ ಯಾಕೆ ತುಂಬಬೇಕು? ವರದಿಯ ಜೀವಾಳವೇ ಈ ಪ್ರಶ್ನೆ. ಆದರೆ ಉತ್ತರ ಬರೆಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ.

## ಹೆಜ್ಜೆ 1: ಅದೇ ದಿನ ಸಾಕ್ಷಿ ತೆಗೆದಿಡಿ

ಡೇಟಾಬೇಸ್ ಎದ್ದ ಕೂಡಲೇ ಎಲ್ಲರೂ ಬಾಕಿ ಕೆಲಸಕ್ಕೆ ಓಡುತ್ತಾರೆ. ಲಾಗುಗಳು ತಿರುಗಿ ಹಳೆಯವು ಅಳಿಸಿಹೋಗುತ್ತವೆ. ಡಿಸ್ಕಿನಲ್ಲಿ ಜಾಗ ಮಾಡಿದ ಮೇಲಂತೂ ಏನು ತುಂಬಿತ್ತು ಎಂಬುದಕ್ಕೆ ಕುರುಹೇ ಉಳಿಯುವುದಿಲ್ಲ. ಆದ್ದರಿಂದ ರಿಪೇರಿಗೆ ಕೈ ಹಾಕುವ ಮೊದಲೇ, ಎರಡು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ, ಇವುಗಳ ಫಲಿತಾಂಶವನ್ನು ಬೇರೊಂದು ಡಿಸ್ಕಿನಲ್ಲಿ ಉಳಿಸಿಕೊಳ್ಳಿ:

```
df -h
df -i
du -sh /var/lib/postgresql/*/main/*
journalctl -u 'postgresql*' --since "2 hours ago"
```

ಮೊದಲನೆಯದು ಎಷ್ಟು ತುಂಬಿದೆ ಎನ್ನುತ್ತದೆ. ಎರಡನೆಯದು ಇನೋಡ್, ಅಂದರೆ ಇನ್ನೆಷ್ಟು ಫೈಲುಗಳಿಗೆ ನೋಂದಣಿ ಜಾಗ ಇದೆ ಎಂಬ ಲೆಕ್ಕ: ಜಾಗ ಇದ್ದರೂ ಇನೋಡ್ ಮುಗಿದಿದ್ದರೆ "ಜಾಗವಿಲ್ಲ" ಎಂಬ ಅದೇ ದೂರು ಬರುತ್ತದೆ, ಎರಡನ್ನೂ ಬೇರ್ಪಡಿಸಲು ಇದು ಬೇಕು. ಮೂರನೆಯದು ಯಾವ ಫೋಲ್ಡರ್ ಜಾಗ ತಿಂದಿದೆ ಎಂದು ತೋರಿಸುತ್ತದೆ. ನಾಲ್ಕನೆಯದು ಡೇಟಾಬೇಸ್ ಸೇವೆ ನಿಂತ, ಶುರುವಾದ ದಾಖಲೆ; ಪೋಸ್ಟ್‌ಗ್ರೆಸ್ಸಿನ ಸ್ವಂತ ಲಾಗ್ ಫೈಲನ್ನೂ ಜೊತೆಗೆ ನಕಲು ಮಾಡಿಕೊಳ್ಳಿ. ದಾರಿ ನಿಮ್ಮ ಸರ್ವರಿನಲ್ಲಿ ಬೇರೆ ಇರಬಹುದು; ಮೇಲಿನದು ಡೆಬಿಯನ್, ಉಬುಂಟು ಬಗೆಯದು. ಈ ಪ್ರಕರಣದಲ್ಲಿ, ಪ್ರತಿ ಬದಲಾವಣೆಯನ್ನು ಡೇಟಾಬೇಸ್ ಮೊದಲು ಬರೆದಿಡುವ `pg_wal` ಫೋಲ್ಡರ್ 45 ಜಿಬಿ ಹಿಡಿದಿತ್ತು. ಮಾಮೂಲಿ ದಿನಗಳಲ್ಲಿ ಅದು ಒಂದು ಜಿಬಿಯ ಆಸುಪಾಸು ಇರುತ್ತದೆ.

ಪೋಸ್ಟ್‌ಗ್ರೆಸ್ ಲಾಗ್ ಡೇಟಾ ಡಿಸ್ಕಿನ ಮೇಲೆಯೇ ಇದ್ದರೆ ಕೊನೆಯ ಗಳಿಗೆಯ ಸಾಲುಗಳು ಬರೆದೇ ಇರಲಿಕ್ಕಿಲ್ಲ, ಏಕೆಂದರೆ ಅವಕ್ಕೂ ಜಾಗ ಬೇಕಲ್ಲ. ಇಲ್ಲಿ ಲಾಗ್ ಬೇರೆ ಡಿಸ್ಕಿನಲ್ಲಿದ್ದುದರಿಂದ ಈ ಸಾಲು ಸಿಕ್ಕಿತು:

```
2026-01-13 05:12:08 UTC PANIC:  could not write to file
"pg_wal/xlogtemp.2211": No space left on device
```

05:12 ಎಂದಿದೆ, ಆದರೆ ಕಾಂಟಾ ನಿಂತದ್ದು 10:42ಕ್ಕೆ. ಸರ್ವರ್ ಯುಟಿಸಿ ಸಮಯ ಬರೆಯುತ್ತಿದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ವರದಿಯಲ್ಲಿ ಎಲ್ಲ ಸಮಯವನ್ನೂ ಭಾರತೀಯ ಸಮಯಕ್ಕೆ ತಿರುಗಿಸಿ ಬರೆಯಿರಿ. ಫೋನ್ ಕರೆಗಳ ಸಮಯ ಒಂದು ಗಡಿಯಾರದ್ದು, ಲಾಗಿನದು ಇನ್ನೊಂದರದ್ದು ಆದರೆ ಘಟನೆಗಳ ಹಿಂದುಮುಂದು ತಪ್ಪುತ್ತದೆ, ಆಗ ಯಾರೋ ಒಬ್ಬರ ಮೇಲೆ ವಿನಾಕಾರಣ ತಡದ ಆರೋಪ ಬರುತ್ತದೆ.

ಇನ್ನೊಂದು ಸಾಕ್ಷಿ ಡೇಟಾಬೇಸ್ ಎದ್ದ ಮೇಲೆ ಮಾತ್ರ ಸಿಗುತ್ತದೆ, ರಿಪೇರಿಯ ಭರದಲ್ಲಿ ಅಳಿಸಿಯೂ ಹೋಗುತ್ತದೆ. ಅದು ಸ್ಟ್ಯಾಂಡ್‌ಬೈಗಾಗಿ ಫೈಲುಗಳನ್ನು ಕಾದಿಡುವ ರೆಪ್ಲಿಕೇಶನ್ ಸ್ಲಾಟಿನ ಸ್ಥಿತಿ:

```
SELECT slot_name, active, pg_size_pretty(
  pg_wal_lsn_diff(pg_current_wal_lsn(), restart_lsn))
FROM pg_replication_slots;
```

ಸ್ಲಾಟ್ ತೆಗೆಯುವ ಮುಂಚೆ ಇದರ ಉತ್ತರ ನಕಲು ಮಾಡಿಕೊಳ್ಳಬೇಕು. ತೆಗೆದ ಮೇಲೆ ಮೂಲ ಕಾರಣಕ್ಕೆ ಇದ್ದ ನೇರ ಪುರಾವೆ ಹೋದಂತೆಯೇ.

ಲಾಗಿನ ಹೊರಗಿನ ಸಾಕ್ಷಿಯನ್ನೂ ಬಿಡಬೇಡಿ. ಕಾಂಟಾ ಆಪರೇಟರನ ಫೋನಿನ ಕರೆ ಪಟ್ಟಿ, ವಾಟ್ಸಾಪ್ ಗುಂಪಿನ ಸಂದೇಶಗಳು, ಗೇಟಿನ ರಿಜಿಸ್ಟರ್, ಕೈಬರಹದ ಚೀಟಿಗಳು. ಆಡಳಿತಕ್ಕೆ ಬೇಕಾದ ನಷ್ಟದ ಅಂಕಿ ಇವುಗಳಿಂದಲೇ ಬರುವುದು.

## ಹೆಜ್ಜೆ 2: ಸಮಯದ ಪಟ್ಟಿ

ಪ್ರತಿ ಸಾಲಿನಲ್ಲಿ ಸಮಯ, ನಡೆದದ್ದು, ಅದು ಗೊತ್ತಾದದ್ದು ಹೇಗೆ, ಇಷ್ಟು ಇರಲಿ. ಊಹೆ ಬೇಡ, "ಬಹುಶಃ" ಬೇಡ. ಒಂದು ಸಮಯ ಅಂದಾಜಿನದಾದರೆ "ಸುಮಾರು" ಎಂದು ಬರೆಯಿರಿ. ಹೆಸರುಗಳ ಬದಲು ಹುದ್ದೆ ಬರೆಯಿರಿ. ಇದು ಸೌಜನ್ಯಕ್ಕಲ್ಲ: ಹೆಸರು ಕಂಡ ಕೂಡಲೇ ಓದುವವರ ಗಮನ ವ್ಯಕ್ತಿಯ ಮೇಲೆ ಹೋಗುತ್ತದೆ, ಮುಂದಿನ ಸಲ ಅದೇ ವ್ಯಕ್ತಿ ತನಗೆ ಗೊತ್ತಿದ್ದುದನ್ನು ಹೇಳುವುದಿಲ್ಲ.

ಪಟ್ಟಿ 10:42ಕ್ಕೆ ಶುರುವಾಗಬಾರದು. ಇಲ್ಲಿ ಕತೆ ಶುರುವಾದದ್ದು ಎಂಟು ದಿನ ಹಿಂದೆ.

- ಜನವರಿ 5, ಸಂಜೆ ಸುಮಾರು 6: ಬೀದರ್ ಸ್ಟ್ಯಾಂಡ್‌ಬೈ ಆರಿಸಲಾಯಿತು. ಡೇಟಾ ಡಿಸ್ಕ್ ಬಳಕೆ 53%.
- ಜನವರಿ 11, ಭಾನುವಾರ ಮಧ್ಯಾಹ್ನ 3:10: ಬಳಕೆ 90% ದಾಟಿತು. ಎಚ್ಚರಿಕೆ ಮೇಲ್ ಹೋಯಿತು. ಯಾರೂ ತೆರೆಯಲಿಲ್ಲ.
- ಜನವರಿ 12, ಸಂಜೆ: ಬಳಕೆ 98%.
- ಜನವರಿ 13, 10:42: ಡೇಟಾಬೇಸ್ ನಿಂತಿತು.
- 10:46: ಚೀಟಿ ಬರುತ್ತಿಲ್ಲವೆಂದು ಕಾಂಟಾದಿಂದ ಫೋನ್.
- 10:50: ಬಿಲ್ಲಿಂಗ್ ಅಪ್ಲಿಕೇಶನ್ ಸರ್ವರ್ ರೀಸ್ಟಾರ್ಟ್. ಫಲವಿಲ್ಲ.
- 11:05: ಡೇಟಾಬೇಸ್ ನಿಂತಿದೆ ಎಂದು ತಿಳಿಯಿತು. ಮರಳಿ ಶುರು ಮಾಡುವ ಯತ್ನ ವಿಫಲ.
- 11:10: ಡಿಸ್ಕ್ ತುಂಬಿರುವುದು, `pg_wal` 45 ಜಿಬಿ ಆಗಿರುವುದು ಪತ್ತೆ. 20 ಜಿಬಿ ಹೆಚ್ಚುವರಿ ಡಿಸ್ಕಿಗೆ ಮಂಜೂರಾತಿ ಕೇಳಲಾಯಿತು.
- 11:48: ಮಂಜೂರಾತಿ ಬಂತು.
- 12:03: ಡಿಸ್ಕ್ ಹಿಗ್ಗಿಸಿ ಡೇಟಾಬೇಸ್ ಶುರು.
- 12:12: ನಿಷ್ಕ್ರಿಯ ಸ್ಲಾಟ್ ತೆಗೆದು, ಚೆಕ್‌ಪಾಯಿಂಟ್ ಕೊಟ್ಟು, ಜಾಗ ಮರಳಿ ಬಂತು.
- 12:27: ಲೆಕ್ಕ ತಾಳೆ ನೋಡಿ ಕಾಂಟಾ ಮತ್ತೆ ಶುರು.

ಒಟ್ಟು 105 ನಿಮಿಷ. ಈಗ ಇದನ್ನು ತುಂಡು ಮಾಡಿ ನೋಡಿ. ನಿಂತದ್ದು ತಿಳಿಯಲು 4 ನಿಮಿಷ. ಕಾರಣ ಹುಡುಕಲು 24. ಮಂಜೂರಾತಿಗೆ ಕಾಯಲು 38. ರಿಪೇರಿಗೆ 24. ತಾಳೆ ನೋಡಲು 15. ಎಲ್ಲಕ್ಕಿಂತ ದೊಡ್ಡ ತುಂಡು ತಾಂತ್ರಿಕ ಕೆಲಸದ್ದಲ್ಲ, ಕಾಯುವಿಕೆಯದು. ಸಣ್ಣ ಖರ್ಚಿಗೂ ಸಾವಕಾರರ ಒಪ್ಪಿಗೆ ಬೇಕಿತ್ತು, ಅವರು ಗಂಜಿನಲ್ಲಿ ಹರಾಜಿನ ನಡುವೆ ಇದ್ದರು, ಫೋನ್ ಎತ್ತಲಿಲ್ಲ. ಇದನ್ನು ಬರೆಯಲು ಹಿಂಜರಿಕೆ ಸಹಜ, ಏಕೆಂದರೆ ವರದಿ ಹೋಗುವುದೇ ಅವರ ಮೇಜಿಗೆ. ಆದರೆ ಬರೆಯದಿದ್ದರೆ ಮುಂದಿನ ಸಲವೂ 38 ನಿಮಿಷ ಹೀಗೆಯೇ ಹೋಗುತ್ತದೆ. "ತುರ್ತು ಖರ್ಚಿನ ಅಧಿಕಾರ ಕರ್ತವ್ಯದಲ್ಲಿದ್ದವರಿಗೆ ಇರಲಿಲ್ಲ" ಎಂದು ವ್ಯವಸ್ಥೆಯ ಮಾತಾಗಿ ಬರೆದರೆ ಯಾರಿಗೂ ಚುಚ್ಚುವುದಿಲ್ಲ.

ಆದ ತಪ್ಪು ಊಹೆಯನ್ನೂ ಪಟ್ಟಿಯಲ್ಲಿ ಇಟ್ಟಿರುವುದನ್ನು ಗಮನಿಸಿ. 10:50ರ ರೀಸ್ಟಾರ್ಟ್ ವ್ಯರ್ಥವಾಯಿತು. ಅಪ್ಲಿಕೇಶನ್ ಪರದೆಯ ಮೇಲೆ "ಸಂಪರ್ಕ ವಿಫಲ" ಎಂದಷ್ಟೇ ಬಂದರೆ ಯಾರಾದರೂ ಮೊದಲು ಅದನ್ನೇ ಮಾಡುತ್ತಾರೆ. ಅದನ್ನು ಮರೆಮಾಚಿದರೆ ಆ 15 ನಿಮಿಷ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರವಿಲ್ಲದಂತಾಗುತ್ತದೆ.

ಮಾಡದೆ ಬಿಟ್ಟ ಒಂದು ಕೆಲಸವನ್ನೂ ವರದಿಯಲ್ಲಿ ಬರೆಯಬೇಕು. 45 ಜಿಬಿ ಫೈಲುಗಳು ಕಣ್ಣೆದುರೇ ಇದ್ದಾಗ "ಅವನ್ನ ಅಳಿಸಿದ್ರ ಮುಗೀತಲ್ಲ" ಎಂಬ ಸಲಹೆ ಬಂದೇ ಬರುತ್ತದೆ. `pg_wal` ಒಳಗಿನ ಫೈಲುಗಳನ್ನು ಕೈಯಿಂದ ಅಳಿಸಬಾರದು. ನಿಂತ ಡೇಟಾಬೇಸ್ ಎದ್ದೇಳುವುದು ಆ ಫೈಲುಗಳನ್ನು ಓದಿಯೇ. ಬೇಕಾದ ಒಂದು ಹೋದರೂ ಅದು ಏಳುವುದಿಲ್ಲ, ಬಲವಂತವಾಗಿ ಎಬ್ಬಿಸಿದರೆ ಲೆಕ್ಕ ಕೆಡುತ್ತದೆ. ಈ ಫೋಲ್ಡರಿನ ಹೆಸರು ಮೊದಲು `pg_xlog` ಎಂದಿತ್ತು. ಹೆಸರು ನೋಡಿ ಬರೀ ಲಾಗ್ ಎಂದುಕೊಂಡು ಅಳಿಸುವವರು ಇದ್ದುದರಿಂದಲೇ 2017ರ 10ನೇ ಆವೃತ್ತಿಯಲ್ಲಿ ಅದನ್ನು ಬದಲಿಸಿದರು. "ಫೈಲುಗಳನ್ನು ಅಳಿಸುವ ಸಲಹೆ ಬಂತು, ಡೇಟಾ ನಷ್ಟದ ಅಪಾಯವಿದ್ದುದರಿಂದ ಕೈಬಿಡಲಾಯಿತು" ಎಂಬ ಒಂದು ಸಾಲು ವರದಿಯಲ್ಲಿದ್ದರೆ ಮುಂದೆ ಆ ಕುರ್ಚಿಯಲ್ಲಿ ಕೂರುವವರಿಗೂ ಉಪಯೋಗ.

## ಹೆಜ್ಜೆ 3: ಕಾರಣವನ್ನು ಲೆಕ್ಕದಿಂದ ತೋರಿಸಿ

ಆಡಳಿತದವರಿಗೆ ವಾಲ್ ಎಂದರೇನು ಎಂದು ಒಂದೇ ಸಲ ಸರಿಯಾಗಿ ಹೇಳಿಬಿಡಿ, ಮತ್ತೆ ಮತ್ತೆ ಬೇಡ. ಅಡತಿ ಅಂಗಡಿಯಲ್ಲಿ ಪ್ರತಿ ವ್ಯವಹಾರ ಮೊದಲು ಕಿರ್ದಿಗೆ ಬೀಳುತ್ತದೆ, ಆಮೇಲೆ ಆಯಾ ಖಾತೆಗೆ ಏರುತ್ತದೆ. ಪೋಸ್ಟ್‌ಗ್ರೆಸ್ ಸಹ ಪ್ರತಿ ಬದಲಾವಣೆಯನ್ನು ಮೊದಲು ವಾಲ್ ಎಂಬ ಕಿರ್ದಿಯಲ್ಲಿ ಬರೆಯುತ್ತದೆ, ಒಂದೊಂದು ಫೈಲೂ 16 ಎಂಬಿ. ಚೆಕ್‌ಪಾಯಿಂಟ್ ಎಂಬ ಹಂತದಲ್ಲಿ ಎಲ್ಲವೂ ಖಾತೆಗೆ ಏರಿದ ಮೇಲೆ ಹಳೆಯ ಕಿರ್ದಿ ಬೇಕಾಗುವುದಿಲ್ಲ, ಅದು ತಾನೇ ಅಳಿಸುತ್ತದೆ ಇಲ್ಲವೇ ಮರುಬಳಸುತ್ತದೆ. ಬೀದರಿನ ಸ್ಟ್ಯಾಂಡ್‌ಬೈ ಈ ಕಿರ್ದಿಯನ್ನೇ ತರಿಸಿಕೊಂಡು ತನ್ನ ಖಾತೆ ಬರೆಯುತ್ತದೆ.

ರೆಪ್ಲಿಕೇಶನ್ ಸ್ಲಾಟ್ ಎಂದರೆ ಮುಖ್ಯ ಸರ್ವರ್ ಸ್ಟ್ಯಾಂಡ್‌ಬೈಗೆ ಕೊಟ್ಟ ಮಾತು: ನೀನು ಪಡೆಯುವ ತನಕ ಒಂದನ್ನೂ ಅಳಿಸುವುದಿಲ್ಲ. ಸ್ಟ್ಯಾಂಡ್‌ಬೈ ಹತ್ತು ನಿಮಿಷ ನಿಂತು ಬಂದರೆ ಈ ಮಾತಿನಿಂದ ಲಾಭ, ಬಿಟ್ಟುಹೋದದ್ದನ್ನು ಅದು ತುಂಬಿಕೊಳ್ಳುತ್ತದೆ. ಬಾರದೇ ಹೋದರೆ? ಮೂಲ ಸೆಟ್ಟಿಂಗಿನಲ್ಲಿ ಈ ಮಾತಿಗೆ ಮಿತಿಯಿಲ್ಲ. ಡಿಸ್ಕ್ ಮುಗಿಯುವವರೆಗೂ ಮುಖ್ಯ ಸರ್ವರ್ ಕೂಡಿಡುತ್ತಲೇ ಹೋಗುತ್ತದೆ.

ಇದು ಬರೀ ವಿವರಣೆಯಾಗಿ ಉಳಿಯಬಾರದು, ಅಂಕಿ ಕೂಡಬೇಕು. 100 ಜಿಬಿ ಡಿಸ್ಕಿನಲ್ಲಿ ಡೇಟಾ ಮತ್ತಿತರ ಫೈಲುಗಳು 50 ಜಿಬಿ. ಎಕ್ಸ್‌ಟಿ4 ಫೈಲ್ ವ್ಯವಸ್ಥೆ ರೂಟ್ ಬಳಕೆದಾರನಿಗೆಂದು 5% ಮೀಸಲಿಡುತ್ತದೆ, ಅದನ್ನು ಪೋಸ್ಟ್‌ಗ್ರೆಸ್ ಮುಟ್ಟಲಾರದು. ಉಳಿದದ್ದು 45 ಜಿಬಿ. ರಾಶಿ ಕಾಲದಲ್ಲಿ ಕೆಲಸದ ದಿನಕ್ಕೆ ಸುಮಾರು 7 ಜಿಬಿ ವಾಲ್ ಹುಟ್ಟುತ್ತದೆ, ಯಾರ್ಡ್ ಮುಚ್ಚಿರುವ ಭಾನುವಾರ 1 ಜಿಬಿ. ಮಂಗಳವಾರದಿಂದ ಶನಿವಾರದವರೆಗೆ 35, ಭಾನುವಾರ 1, ಸೋಮವಾರ 7, ಒಟ್ಟು 43. ಮಂಗಳವಾರ ಬೆಳಗಿನ ದಟ್ಟಣೆಯಲ್ಲಿ ಉಳಿದ 2 ಜಿಬಿಯೂ ಮುಗಿಯಿತು. ನಿಂತ ಗಳಿಗೆಗೆ ಲೆಕ್ಕ ಕೂಡಿಬಂದಿದೆ, ಅಂದರೆ ಕಾರಣ ಸರಿಯಾಗಿ ಹಿಡಿದಿದ್ದೇವೆ. ಕೂಡದೆ 10 ಜಿಬಿ ಎಲ್ಲೋ ಉಳಿದಿದ್ದರೆ ಇನ್ನೊಂದು ಕಾರಣ ಬಾಕಿ ಇದೆ ಎಂದೇ ತಿಳಿಯಬೇಕು. ಅಳಿಸಿದರೂ ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿರುವ ಫೈಲುಗಳನ್ನು `lsof +L1` ತೋರಿಸುತ್ತದೆ, ಅಲ್ಲಿಂದ ಹುಡುಕಿ.

ಎಚ್ಚರಿಕೆ ಯಾಕೆ ಕೆಲಸಕ್ಕೆ ಬರಲಿಲ್ಲ ಎಂಬುದು ಎರಡನೆಯ ಕಾರಣ. ಎಚ್ಚರಿಕೆ ಹೋಗಿತ್ತು, ನಿಂತದ್ದಕ್ಕಿಂತ ಸುಮಾರು 43 ತಾಸು ಮೊದಲೇ. ಅದು ಹೋದದ್ದು ಒಂದು ಸಾಮಾನ್ಯ ಮೇಲ್ ಪೆಟ್ಟಿಗೆಗೆ. "ಬ್ಯಾಕಪ್ ಯಶಸ್ವಿ", "ಪ್ರಿಂಟರ್ ಸಂಪರ್ಕಗೊಂಡಿದೆ" ಎಂಬಂಥ ಸಂದೇಶಗಳು ದಿನವಿಡೀ ಬೀಳುವ ಪೆಟ್ಟಿಗೆ ಅದು. ಭಾನುವಾರ ಅದನ್ನು ನೋಡುವ ಕರ್ತವ್ಯ ಯಾರದೂ ಅಲ್ಲ. ಎಚ್ಚರಿಕೆಯೂ ತಪ್ಪು ಜಾಗ ನೋಡುತ್ತಿತ್ತು: ಡಿಸ್ಕ್ 90% ಆದಾಗ ಕೂಗುವ ಬದಲು, ಸ್ಲಾಟ್ ನಿಷ್ಕ್ರಿಯವಾದ ಮೊದಲ ಅರ್ಧ ತಾಸಿನಲ್ಲಿ ಕೂಗಿದ್ದರೆ 43 ತಾಸು ಅಲ್ಲ, ಏಳೂವರೆ ದಿನ ಕೈಯಲ್ಲಿರುತ್ತಿತ್ತು.

"ಮಾನವ ದೋಷ" ಎಂಬ ಪದವನ್ನು ಕಾರಣದ ಜಾಗದಲ್ಲಿ ಬರೆಯಬೇಡಿ. ಬೀದರಿನಲ್ಲಿ ಸರ್ವರ್ ಹಚ್ಚದೆ ಬಿಟ್ಟದ್ದು ನಿಜ. ಆದರೆ ಒಂದು ಯಂತ್ರ ಆರಿದರೆ ನೂರು ಕಿಲೋಮೀಟರ್ ಆಚೆಯ ವ್ಯಾಪಾರ ನಿಲ್ಲುವಂತೆ ವ್ಯವಸ್ಥೆ ಇತ್ತು. ಬ್ಯಾಟರಿ ಬದಲು ಅದೇ ಯಂತ್ರದ ಪವರ್ ಸಪ್ಲೈ ಸುಟ್ಟಿದ್ದರೂ ಇದೇ ಆಗುತ್ತಿತ್ತು.

## ಹೆಜ್ಜೆ 4: ನಷ್ಟವನ್ನು ಮಿಲ್ಲಿನ ಮಾತಿನಲ್ಲಿ ಬರೆಯಿರಿ

"105 ನಿಮಿಷ ಡೌನ್‌ಟೈಮ್" ಎಂದರೆ ಆಡಳಿತಕ್ಕೆ ಏನೂ ಅನ್ನಿಸುವುದಿಲ್ಲ. ಗೇಟ್ ರಿಜಿಸ್ಟರ್ ತೆಗೆದು ಎಣಿಸಿ. ಈ ಪ್ರಕರಣದಲ್ಲಿ 41 ಗಾಡಿಗಳಿಗೆ ಕೈಚೀಟಿ ಕೊಟ್ಟರು. 7 ಗಾಡಿಗಳು ಒಳಬಂದದ್ದೂ ತೂಕವಿಲ್ಲದೆ ಹೊರಹೋದದ್ದೂ ರಿಜಿಸ್ಟರಿನಲ್ಲಿದೆ, ಅಂದರೆ ಆ ಮಾಲು ಬೇರೆ ಖರೀದಿದಾರರಿಗೆ ಹೋಯಿತು. ಹಮಾಲರು ಅಷ್ಟು ಹೊತ್ತು ಖಾಲಿ ಕುಳಿತರು. 41 ಕೈಚೀಟಿಗಳು ಸಂಜೆ ನಾಲ್ಕೂವರೆಗೆ ಕಂಪ್ಯೂಟರಿಗೆ ಏರಿದವು, ಎರಡರಲ್ಲಿ ಗಾಡಿ ನಂಬರ್ ತಾಳೆಯಾಗಲಿಲ್ಲ, ಗೇಟ್ ರಿಜಿಸ್ಟರ್ ನೋಡಿ ಸರಿಪಡಿಸಿದರು. ಇದಕ್ಕಿಂತ ಮುಂದೆ ಹೋಗಿ ರೂಪಾಯಿಯ ದೊಡ್ಡ ಅಂಕಿ ಊಹಿಸಿ ಬರೆಯುವುದು ಬೇಡ. ಹೋದ 7 ಗಾಡಿಯ ಮಾಲಿನ ಬೆಲೆ ಎಷ್ಟು ಎಂಬುದು ತಾಂತ್ರಿಕ ಸಿಬ್ಬಂದಿಗಿಂತ ಸಾವಕಾರರಿಗೇ ಚೆನ್ನಾಗಿ ಗೊತ್ತು.

ಲೆಕ್ಕ ಹೋಯಿತೇ ಎಂಬುದಕ್ಕೆ "ಇಲ್ಲ" ಎಂದಷ್ಟೇ ಬರೆದರೆ ಸಾಲದು, ತಾಳೆ ನೋಡಿದ್ದು ಹೇಗೆ ಎಂದು ತೋರಿಸಬೇಕು. ಕಾಂಟಾದಲ್ಲಿ ಕೊನೆಗೆ ಪ್ರಿಂಟ್ ಆದ ಚೀಟಿಯ ನಂಬರ್ 8614. ಡೇಟಾಬೇಸ್ ಎದ್ದ ಮೇಲೆ ಅದರಲ್ಲಿದ್ದ ಕೊನೆಯ ಚೀಟಿಯೂ 8614, ತೂಕವೂ ಕಾಗದದ್ದೇ. ಉಳಿಸಿ ಆದದ್ದೆಲ್ಲ ಇದೆ. 10:42ಕ್ಕೆ ಆಪರೇಟರ್ ಟೈಪ್ ಮಾಡುತ್ತಿದ್ದ 8615 ಮಾತ್ರ ಉಳಿದಿರಲಿಲ್ಲ, ಅದನ್ನು ಮತ್ತೆ ತೂಗಿ ಹಾಕಿದರು. ಹೀಗೆ ಬರೆದರೆ ಲೆಕ್ಕಪತ್ರ ವಿಭಾಗದವರು ತಾವೇ ಪರೀಕ್ಷಿಸಬಹುದು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ, ಬಹುತೇಕ ವರದಿಗಳು ಅದನ್ನು ಬಿಟ್ಟೇಬಿಡುತ್ತವೆ. ಜನವರಿ 5ರ ಸಂಜೆಯಿಂದ ಸ್ಟ್ಯಾಂಡ್‌ಬೈ ನಕಲು ಇರಲೇ ಇಲ್ಲ. ಆ ಎಂಟು ದಿನಗಳಲ್ಲಿ ಕಲಬುರಗಿಯ ಡಿಸ್ಕ್ ಕೆಟ್ಟಿದ್ದರೆ ಹಿಂದಿನ ರಾತ್ರಿಯ ಬ್ಯಾಕಪ್ ಮಾತ್ರ ಗತಿ, ಆ ದಿನದ ಚೀಟಿಗಳೆಲ್ಲ ಹೋಗುತ್ತಿದ್ದವು. ಸ್ಲಾಟ್ ತೆಗೆದ ಮೇಲೆ ಹಳೆಯ ನಕಲು ಕೆಲಸಕ್ಕೆ ಬಾರದು, `pg_basebackup` ಮೂಲಕ ಹೊಸದಾಗಿ ಕಟ್ಟಬೇಕು. ಸುಮಾರು 50 ಜಿಬಿ, 50 ಎಂಬಿಪಿಎಸ್ ಲೈನಿನಲ್ಲಿ ಪೂರ್ತಿ ವೇಗ ಸಿಕ್ಕರೂ ಎರಡು ತಾಸಿಗಿಂತ ಹೆಚ್ಚು. ಕಾಂಟಾ ಮುಚ್ಚಿದ ಮೇಲೆ ರಾತ್ರಿ ಮಾಡುವುದೇ ಸರಿ. ಅದು ಮುಗಿಯುವ ತನಕ "ಎಲ್ಲ ಸರಿಯಾಗಿದೆ" ಎಂದು ಬರೆಯುವಂತಿಲ್ಲ. "ವ್ಯವಹಾರ ನಡೆಯುತ್ತಿದೆ, ನಕಲು ಇನ್ನೂ ಇಲ್ಲ" ಎಂದು ಬರೆಯಬೇಕು.

## ಹೆಜ್ಜೆ 5: ಪರಿಹಾರಗಳು

ಮೊದಲು ಬರುವ ಸಲಹೆ ದೊಡ್ಡ ಡಿಸ್ಕ್ ಕೊಳ್ಳುವುದು. ಖಾಲಿ ಜಾಗ ಇಮ್ಮಡಿ ಮಾಡಿದರೆ ಎಂಟು ದಿನದ ಜಾಗದಲ್ಲಿ ಹದಿನೈದು ಹದಿನಾರು ದಿನ ಸಿಗುತ್ತದೆ, ಅಷ್ಟೇ. ಮಿತಿಯಿಲ್ಲದೆ ಬೆಳೆಯುವುದನ್ನು ಡಿಸ್ಕ್ ಕೊಂಡು ತಡೆಯಲಾಗದು. `pg_wal`ಗೆ ಪ್ರತ್ಯೇಕ ಡಿಸ್ಕ್ ಕೊಡುವುದೂ ಇದಕ್ಕೆ ಮದ್ದಲ್ಲ, ಅದು ತುಂಬಿದರೂ ಡೇಟಾಬೇಸ್ ಹೀಗೆಯೇ ನಿಲ್ಲುತ್ತದೆ.

ನಿಜವಾದ ತಡೆ ಸ್ಲಾಟಿಗೆ ಮಿತಿ ಹಾಕುವುದು. ಪೋಸ್ಟ್‌ಗ್ರೆಸ್ 13ರಿಂದ ಈ ಸೌಲಭ್ಯವಿದೆ, ಡೇಟಾಬೇಸ್ ನಿಲ್ಲಿಸದೆಯೇ ಹಾಕಬಹುದು:

```
ALTER SYSTEM SET max_slot_wal_keep_size = '20GB';
SELECT pg_reload_conf();
```

ಇದರ ಬೆಲೆಯನ್ನು ಆಡಳಿತಕ್ಕೆ ಬಿಚ್ಚಿ ಹೇಳಬೇಕು, ಏಕೆಂದರೆ ಇದು ತಾಂತ್ರಿಕ ಆಯ್ಕೆಯಲ್ಲ. ಸ್ಟ್ಯಾಂಡ್‌ಬೈ ಸುಮಾರು ಮೂರು ಕೆಲಸದ ದಿನಕ್ಕಿಂತ ಹೆಚ್ಚು ನಿಂತರೆ ಮುಖ್ಯ ಸರ್ವರ್ ಕಾಯುವುದನ್ನು ಬಿಡುತ್ತದೆ, ನಕಲನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಅಂದರೆ ಕಾಂಟಾ ನಿಲ್ಲುವುದೋ ನಕಲು ಹೋಗುವುದೋ ಎಂಬ ಪ್ರಶ್ನೆಗೆ "ನಕಲು ಹೋಗಲಿ" ಎಂದು ಮೊದಲೇ ಉತ್ತರ ಕೊಟ್ಟಂತೆ. ಮಿಲ್ಲಿಗೆ ಇದೇ ಸರಿ ಎನ್ನುವುದು ಈ ಬರಹದ ಅಭಿಪ್ರಾಯ. ಆದರೂ ವರದಿಯಲ್ಲಿ ಸಹಿ ಬೇಕಾದ ನಿರ್ಧಾರವಾಗಿಯೇ ಇಡಿ. ಮಿತಿ ಜಾರಿಯಾಗುವುದು ಚೆಕ್‌ಪಾಯಿಂಟ್ ಸಮಯದಲ್ಲಿ, ಹಾಗಾಗಿ 20 ಜಿಬಿಗಿಂತ ತುಸು ಮೇಲೆ ಹೋಗಬಹುದು. ಡಿಸ್ಕಿನ ಅಂಚಿಗೆ ತಾಗುವ ಅಂಕಿ ಹಾಕಬೇಡಿ.

ಎಚ್ಚರಿಕೆಯನ್ನು ಎರಡು ಕಡೆ ತಿದ್ದಬೇಕು. ಸ್ಲಾಟ್ 30 ನಿಮಿಷಕ್ಕಿಂತ ಹೆಚ್ಚು ನಿಷ್ಕ್ರಿಯವಾಗಿದ್ದರೆ, ಅಥವಾ 5 ಜಿಬಿಗಿಂತ ಹೆಚ್ಚು ಹಿಡಿದಿದ್ದರೆ, ಇಬ್ಬರ ಮೊಬೈಲಿಗೆ ಎಸ್‌ಎಂಎಸ್. ಡಿಸ್ಕ್ 75% ದಾಟಿದರೂ ಹಾಗೆಯೇ. "ಯಶಸ್ವಿ" ಸಂದೇಶಗಳು ಈ ದಾರಿಯಲ್ಲಿ ಬರಲೇಬಾರದು, ಬಂದರೆ ಎರಡೇ ವಾರದಲ್ಲಿ ಇದನ್ನೂ ಯಾರೂ ನೋಡುವುದಿಲ್ಲ.

ಮೂರನೆಯದು ಅಧಿಕಾರ. 50 ಜಿಬಿವರೆಗಿನ ಡಿಸ್ಕನ್ನು ಕರ್ತವ್ಯದಲ್ಲಿದ್ದವರು ಕೇಳದೆ ಹೆಚ್ಚಿಸಬಹುದು, ಅದೇ ದಿನ ತಿಳಿಸಬೇಕು. ಇದಕ್ಕೆ ಖರ್ಚಿಲ್ಲ, ಉಳಿಯುವುದು 38 ನಿಮಿಷ.

ನಾಲ್ಕನೆಯದು ತುರ್ತು ಹಾಳೆ, ಒಂದೇ ಪುಟ. ಅದರಲ್ಲಿ ಇರಲೇಬೇಕಾದ ಒಂದು ಸಾಲು:

```
tune2fs -m 1 /dev/vg0/pgdata
```

ಎಕ್ಸ್‌ಟಿ4 ಮೀಸಲಿಟ್ಟ 5 ಜಿಬಿಯಲ್ಲಿ 4 ಜಿಬಿಯನ್ನು ಇದು ಕೂಡಲೇ ಬಿಟ್ಟುಕೊಡುತ್ತದೆ. ಡೇಟಾಗೆಂದೇ ಇರುವ ಡಿಸ್ಕಿನಲ್ಲಿ ಆ ಮೀಸಲು ಬೇರಾರಿಗೂ ಬೇಕಿಲ್ಲ. 11:10ಕ್ಕೆ ಇದು ಗೊತ್ತಿದ್ದರೆ ಯಾರ ಮಂಜೂರಾತಿಗೂ ಕಾಯದೆ ಡೇಟಾಬೇಸ್ ಎಬ್ಬಿಸಿ ಸ್ಲಾಟ್ ತೆಗೆಯಬಹುದಿತ್ತು. ಹಾಗೆಂದು ಈಗಲೇ ಓಡಿಸಿ ಜಾಗ ಹೆಚ್ಚಿಸಿಕೊಳ್ಳಬೇಡಿ, ಮುಂದಿನ ತುರ್ತಿಗೆ ಅದು ಇರಲಿ. ಬೀದರಿನಲ್ಲಿ ಸರ್ವರ್ ಆರಿಸುವ ಮುಂಚೆ ಕಲಬುರಗಿಗೆ ಫೋನ್, ಹಚ್ಚಿದ ಮೇಲೆ ಮತ್ತೊಂದು ಫೋನ್ ಎಂಬುದನ್ನೂ ಇದೇ ಹಾಳೆಯಲ್ಲಿ ಬರೆಯಿರಿ.

ಪ್ರತಿ ಪರಿಹಾರದ ಮುಂದೆ ಹುದ್ದೆ, ದಿನಾಂಕ, ಪರೀಕ್ಷೆ ಮೂರೂ ಇರಬೇಕು. "ಮೇಲ್ವಿಚಾರಣೆ ಬಲಪಡಿಸಲಾಗುವುದು" ಎಂಬ ಸಾಲಿಗೆ ಪರೀಕ್ಷೆಯೇ ಇಲ್ಲ, ಹಾಗಾಗಿ ಅದು ಪರಿಹಾರವೂ ಅಲ್ಲ. "ಸ್ಲಾಟ್ ಎಚ್ಚರಿಕೆ, ಸಿಸ್ಟಮ್ ಅಡ್ಮಿನ್, ಜನವರಿ 17, ಜನವರಿ 18ರ ಭಾನುವಾರ ಸ್ಟ್ಯಾಂಡ್‌ಬೈಯನ್ನು 40 ನಿಮಿಷ ನಿಲ್ಲಿಸಿ ಎಸ್‌ಎಂಎಸ್ ಬರುವುದನ್ನು ನೋಡಲಾಗುವುದು" ಎಂದರೆ ಆಯಿತೋ ಇಲ್ಲವೋ ಎಂದು ಯಾರಾದರೂ ಕೇಳಬಹುದು.

## ಹೆಜ್ಜೆ 6: ಮೊದಲ ಪುಟವನ್ನು ಕೊನೆಗೆ ಬರೆಯಿರಿ

ಸಾವಕಾರರು ಓದುವುದು ಮೊದಲ ಪುಟ ಮಾತ್ರ. ಉಳಿದದ್ದೆಲ್ಲ ಸಿದ್ಧವಾದ ಮೇಲೆ ಅದನ್ನು ಬರೆಯಿರಿ, ಕಮಾಂಡ್ ಒಂದೂ ಬೇಡ. ಮಾದರಿ ಹೀಗಿರಬಹುದು:

> ಜನವರಿ 13ರಂದು ಬೆಳಿಗ್ಗೆ 10:42ರಿಂದ 12:27ರವರೆಗೆ ಕಾಂಟಾ ಮತ್ತು ಬಿಲ್ಲಿಂಗ್ ನಿಂತಿತ್ತು. 41 ಗಾಡಿಗಳಿಗೆ ಕೈಚೀಟಿ ಕೊಡಲಾಯಿತು, 7 ಗಾಡಿಗಳು ತೂಗಿಸದೆ ಹೋದವು. ಉಳಿಸಿದ್ದ ಲೆಕ್ಕ ಯಾವುದೂ ಹೋಗಿಲ್ಲ, ಚೀಟಿ ನಂಬರ್ 8614ರವರೆಗೆ ತಾಳೆ ನೋಡಲಾಗಿದೆ.
>
> ಬೀದರಿನ ನಕಲು ಸರ್ವರ್ ಜನವರಿ 5ರಿಂದ ಆರಿತ್ತು. ಅದಕ್ಕೆಂದು ಮುಖ್ಯ ಸರ್ವರ್ ಕೂಡಿಟ್ಟ ಫೈಲುಗಳು ಡಿಸ್ಕ್ ತುಂಬಿದವು. ಎಚ್ಚರಿಕೆ ಎರಡು ದಿನ ಮೊದಲೇ ಹೋಗಿತ್ತು, ಅದನ್ನು ನೋಡುವ ಹೊಣೆ ಯಾರಿಗೂ ವಹಿಸಿರಲಿಲ್ಲ. ನಿಂತ 105 ನಿಮಿಷದಲ್ಲಿ 38 ನಿಮಿಷ ಖರ್ಚಿನ ಮಂಜೂರಾತಿಗೆ ಹೋಯಿತು.
>
> ಎರಡು ನಿರ್ಧಾರ ಬೇಕು: ನಕಲು ಸರ್ವರಿಗಾಗಿ ಕಾಯುವ ಮಿತಿ 20 ಜಿಬಿ ಎಂದು ಒಪ್ಪುವುದು, 50 ಜಿಬಿವರೆಗೆ ತುರ್ತು ಡಿಸ್ಕ್ ಖರ್ಚಿನ ಅಧಿಕಾರ ಕೊಡುವುದು.

ವರದಿ ಮೇಜಿಗೆ ಹೋದ ಮೇಲೆ ಖಂಡಿತ ಬರುವ ಪ್ರಶ್ನೆ: "ಮತ್ತ ಹಿಂಗ ಆಗಂಗಿಲ್ಲ ಅಂತ ಬರದು ಕೊಡ್ತೀರೇನ್ರಿ?" ಹೌದು ಎಂದು ಬರೆದುಕೊಡಬೇಡಿ. ನಿಷ್ಕ್ರಿಯ ಸ್ಲಾಟಿನಿಂದ ಡಿಸ್ಕ್ ತುಂಬುವುದು ಇನ್ನು ಇಲ್ಲ ಎನ್ನಬಹುದು. ಆದರೆ ಡಿಸ್ಕ್ ತುಂಬಲು ಬೇರೆ ದಾರಿಗಳಿವೆ. ವಾಲ್ ಫೈಲುಗಳನ್ನು ಬೇರೆಡೆ ಸಂಗ್ರಹಿಸುವ `archive_command` ಮುಂದೆಂದಾದರೂ ಶುರು ಮಾಡಿ, ಅದು ವಿಫಲವಾಗುತ್ತಿದ್ದರೆ, ಆಗಲೂ `pg_wal` ಬೆಳೆಯುತ್ತದೆ. ಈಗ ಹಾಕಿದ 20 ಜಿಬಿ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ಅಂಥ ದಿನ ಕಾಯುವುದು 75%ರ ಎಸ್‌ಎಂಎಸ್ ಮಾತ್ರ. ಭಾನುವಾರದ 40 ನಿಮಿಷದ ಪರೀಕ್ಷೆ ಸ್ಲಾಟಿನ ಎಚ್ಚರಿಕೆಯನ್ನಷ್ಟೇ ಪರೀಕ್ಷಿಸುತ್ತದೆ, ಡಿಸ್ಕಿನದನ್ನಲ್ಲ. ಅದಕ್ಕೆ ಡಿಸ್ಕ್ ಎಚ್ಚರಿಕೆಯ ಮಿತಿಯನ್ನು ಸ್ವಲ್ಪ ಹೊತ್ತು ಈಗಿನ ಬಳಕೆಗಿಂತ ಕೆಳಗೆ ಇಳಿಸಿ, ಎರಡೂ ಮೊಬೈಲಿಗೆ ಸಂದೇಶ ಬಂದದ್ದು ಕಂಡ ಮೇಲೆ ಮರಳಿ 75ಕ್ಕೆ ಇಡಬೇಕು. ಮರಳಿ ಇಟ್ಟದ್ದನ್ನೂ ದಿನಾಂಕ ಸಹಿತ ವರದಿಯ ಕ್ರಮಗಳ ಪಟ್ಟಿಯಲ್ಲಿ ಬರೆಯಿರಿ.